‘ಪಾಠ 7, ಭಾಗ 2’ ಅಂತ ಯಾವ ಮಗುವೂ ಹುಡುಕುವುದಿಲ್ಲ: ನನ್ನ ಪಾಠಗಳ ಶೀರ್ಷಿಕೆ ತಿದ್ದಿದ ಕಥೆ

ನಾನು ಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆಗೆ ಹೋದ ಮೇಲೆ ಮಕ್ಕಳಿಗೆ ಲೆಕ್ಕ ಮರೆತುಹೋದರೆ ಕೈಗೆ ಸಿಗಲಿ ಅಂತ ಪಾಠಗಳನ್ನು ಬರೆದು ಒಂದು ಚಿಕ್ಕ ವೆಬ್‌ಸೈಟಿಗೆ ಹಾಕುತ್ತಾ ಬಂದಿದ್ದೆ. ತಾಣ ಕಟ್ಟಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ನಾನು ಪಾಠ ಬರೆಯುವುದು, ಅವನು ಕೊಟ್ಟ ಪುಟದ ಅಚ್ಚಿನಲ್ಲಿ ತುಂಬಿಸುವುದು, ಹೀಗೆ ನಡೆದಿತ್ತು. ನಾನು ವಾಟ್ಸಾಪಿನಲ್ಲಿ ಕೊಂಡಿ ಕಳಿಸಿದ ಮಕ್ಕಳು ಬಿಟ್ಟರೆ ಬೇರೆ ಯಾರೂ ಆ ಪಾಠಗಳನ್ನು ನೋಡುತ್ತಿರಲಿಲ್ಲ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಒಂದು ದಿನ, "ಮಿಸ್, ಭಿನ್ನರಾಶಿ ಕೂಡೋದು ಹುಡುಕಿದೆ, ಕನ್ನಡದಲ್ಲಿ ಸರಿಯಾಗಿ ಎಲ್ಲೂ ಸಿಗಲಿಲ್ಲ" ಅಂದಳು. ಅದೇ ಪಾಠ ಎಷ್ಟೋ ತಿಂಗಳ ಹಿಂದೆ ಬರೆದು ಹಾಕಿದ್ದೆ. ಅದನ್ನು ಬರೆಯುವಾಗ ಒಂದೊಂದು ಹಂತಕ್ಕೂ ಎಷ್ಟು ಯೋಚಿಸಿದ್ದೆ ಅಂತ ನನಗೆ ಗೊತ್ತು. ಮನಸ್ಸಿಗೆ ತುಂಬಾ ನೋವಾಯಿತು.

ಆಮೇಲೆ ಪಾಠಗಳ ಶೀರ್ಷಿಕೆ ತಿದ್ದಲು ಕೂತೆ, ಈಗ ಆ ಕೆಲಸ ಮುಗಿದಿದೆ. ನನ್ನ ಹಾಗೆ ಕನ್ನಡದಲ್ಲಿ ಪಾಠ ಬರೆದು ಹಾಕುವ ಶಿಕ್ಷಕರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಒಂದು ಸರಳ ಪರೀಕ್ಷೆ. ಗೂಗಲ್ಲಿನಲ್ಲಿ ತಾಣದ ವಿಳಾಸದ ಹಿಂದೆ `site:` ಸೇರಿಸಿ ಹುಡುಕಿದರೆ ಆ ತಾಣದ ಯಾವ ಯಾವ ಪುಟ ಗೂಗಲ್ಲಿಗೆ ಗೊತ್ತಿದೆ ಅಂತ ತೋರಿಸುತ್ತದೆ. ನಡುವೆ ಜಾಗ ಬಿಡಬಾರದು, `site:example.com` ಅಂತ ಹೊಂದಿಸಿ ಬರೆಯಬೇಕು. ಪಟ್ಟಿ ಬಂತು. ನೋಡಿದರೆ ಸಾಲು ಸಾಲಾಗಿ ಒಂದೇ ಹೆಸರು! ಭಿನ್ನರಾಶಿಗೂ ಅದೇ, ತ್ರಿಭುಜಕ್ಕೂ ಅದೇ, ಸರಳ ಬಡ್ಡಿಗೂ ಅದೇ. ಎಲ್ಲ ಪುಟದ ಮೇಲೂ ತಾಣದ ಹೆಸರು ಮಾತ್ರ. ಅಪರೂಪಕ್ಕೆ ಒಂದೆರಡು ಕಡೆ ‘ಪಾಠ 7 - ಭಾಗ 2’ ಅಂತ ಇತ್ತು. ಹೊರಗಿನಿಂದ ನೋಡುವವರಿಗೆ ಒಳಗೆ ಏನಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ. (ಈ ಪಟ್ಟಿ ಪೂರ್ತಿ ಇರಲೇಬೇಕು ಅಂತಿಲ್ಲ. ಒಂದು ಪುಟ ಇದರಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಗಾಬರಿ ಬೇಡ. ಸರಿಯಾಗಿ ನೋಡುವ ವಿಧಾನ ಮುಂದೆ ಹೇಳುತ್ತೇನೆ.)

ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. "ಮಿಸ್, ಕಂಪ್ಯೂಟರಿನಲ್ಲಿ ಆ ಪುಟ ತೆಗೆದು Ctrl+U ಒತ್ತಿ. ಅದರಲ್ಲಿ title ಅಂತ ಹುಡುಕಿ, ಏನಿದೆ ಓದಿ ಹೇಳಿ" ಅಂದ. ಒತ್ತಿದರೆ ಪುಟದ ಹಿಂದಿನ ಬರಹ ಪೂರ್ತಿ ತೆರೆದುಕೊಂಡಿತು. ನನಗೆ ಬೇಕಾದದ್ದು ಅದರಲ್ಲಿ ಎರಡೇ ಸಾಲು:

```html
<title>ನಮ್ಮ ಕಲಿಕಾ ತಾಣ</title>
<h1>ಪಾಠ 7 - ಭಾಗ 2</h1>
```

ಇವೆರಡರ ವ್ಯತ್ಯಾಸ ಅವತ್ತು ಸರಿಯಾಗಿ ತಿಳಿಯಿತು. `<h1>` ಅನ್ನುವುದು ಪುಟದ ಒಳಗೆ ದಪ್ಪಕ್ಷರದಲ್ಲಿ ಕಾಣುವ ತಲೆಬರಹ. `<title>` ಪುಟದ ಒಳಗೆ ಕಾಣುವುದೇ ಇಲ್ಲ. ಬ್ರೌಸರಿನ ಮೇಲ್ಗಡೆ ಟ್ಯಾಬ್ ಇರುತ್ತದಲ್ಲ, ಅಲ್ಲಿ ಕಾಣುತ್ತದೆ. ಹುಡುಕಿದಾಗ ಬರುವ ನೀಲಿ ಸಾಲಿಗೂ ಗೂಗಲ್ ಹೆಚ್ಚಾಗಿ ಇದನ್ನೇ ತೆಗೆದುಕೊಳ್ಳುತ್ತದೆ. ಪಾಠ ಬರೆಯುವವರ ಕಣ್ಣು ಯಾವಾಗಲೂ ಪುಟದ ಒಳಗೇ ಇರುತ್ತದೆ. ಟ್ಯಾಬಿನಲ್ಲಿ ಏನಿದೆ ಅಂತ ಯಾರು ನೋಡುತ್ತಾರೆ? ಅಚ್ಚಿನಲ್ಲಿ `<title>` ಜಾಗಕ್ಕೆ ತಾಣದ ಹೆಸರನ್ನು ಗಟ್ಟಿಯಾಗಿ ಕೂರಿಸಲಾಗಿತ್ತು. ಹಾಗಾಗಿ ನಾನು ಎಷ್ಟು ಪಾಠ ಸೇರಿಸಿದರೂ ಎಲ್ಲದಕ್ಕೂ ಅದೇ ಹೆಸರು ಅಂಟಿಕೊಳ್ಳುತ್ತಿತ್ತು.

ಅಚ್ಚನ್ನು ಸರಿಮಾಡುವ ಕೆಲಸ ಬೇಗ ಮುಗಿಯಿತು. ಪ್ರತಿ ಪುಟಕ್ಕೂ ಬೇರೆ ಶೀರ್ಷಿಕೆ ಕೊಡಲು ಅವನು ಒಂದು ಖಾನೆ ಮಾಡಿಕೊಟ್ಟ. ನಿಮ್ಮ ತಾಣ ಬೇರೆ ಥರದ್ದಿದ್ದರೂ ಪುಟ ತಿದ್ದುವ ಕಡೆ ಇಂಥದ್ದೊಂದು ಖಾನೆ ಸಾಮಾನ್ಯವಾಗಿ ಇರುತ್ತದೆ, ಹುಡುಕಿ. ತುಂಬಿ ಉಳಿಸಿದ ಮೇಲೆ ಪುಟವನ್ನು ಮತ್ತೆ ತೆರೆದು ಟ್ಯಾಬ್ ನೋಡಿ. ಅಲ್ಲಿ ಬದಲಾಗಿದ್ದರೆ ನೀವು ತುಂಬಿದ್ದು ಸರಿಯಾದ ಖಾನೆಯನ್ನೇ.

ಆ ಖಾನೆಯಲ್ಲಿ ಏನು ಬರೆಯಬೇಕು ಅನ್ನುವುದೇ ನಿಜವಾದ ಕೆಲಸ. ಅದಕ್ಕೆ ಜಾಸ್ತಿ ಸಮಯ ಹಿಡಿಯಿತು. ಭಿನ್ನರಾಶಿಯ ಪಾಠವನ್ನೇ ತೆಗೆದುಕೊಂಡು ಹೇಳುತ್ತೇನೆ.

ಆ ಪಾಠದಲ್ಲಿ ಇದ್ದದ್ದು ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳ ಸಂಕಲನ. 1/2 + 1/3 ಉದಾಹರಣೆ. 2 ಮತ್ತು 3ರ ಲ.ಸಾ.ಅ. 6. ಆದ್ದರಿಂದ 1/2 ಅನ್ನು 3/6 ಮಾಡುವುದು, 1/3 ಅನ್ನು 2/6 ಮಾಡುವುದು, ಕೂಡಿದರೆ 5/6. ಮಕ್ಕಳು ಇಲ್ಲಿ ಸಾಮಾನ್ಯವಾಗಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ 2/5 ಅಂತ ಬರೆಯುತ್ತಾರೆ. ಅದು ಯಾಕೆ ತಪ್ಪು ಅಂತಲೂ ಬರೆದಿದ್ದೆ: ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಉತ್ತರ ಅರ್ಧಕ್ಕಿಂತ ದೊಡ್ಡದಿರಬೇಕು, ಆದರೆ 2/5 ಅರ್ಧಕ್ಕಿಂತ ಚಿಕ್ಕದು.

ಇಷ್ಟೆಲ್ಲ ಇರುವ ಪಾಠಕ್ಕೆ ಹೆಸರು ‘ಪಾಠ 7 - ಭಾಗ 2’. ತರಗತಿಯಲ್ಲಿ ಆ ಹೆಸರು ಸಾಕು. ಭಾಗ 1 ಮುಗಿಸಿದ ಮಗುವಿಗೆ ಭಾಗ 2 ಏನು ಅಂತ ಗೊತ್ತಿರುತ್ತದೆ. ಹುಡುಕುವ ಮಗುವಿಗೆ ಹಿಂದೆ ಮುಂದೆ ಏನೂ ಗೊತ್ತಿರುವುದಿಲ್ಲ. ಅದರ ಹತ್ತಿರ ಇರುವುದು ಒಂದು ಲೆಕ್ಕ, ಒಂದು ಸಂಶಯ, ಅಷ್ಟೇ.

ಹೊಸ ಶೀರ್ಷಿಕೆಗೆ ಮೊದಲು ಹೊಳೆದದ್ದು ‘ವಿಭಿನ್ನ ಛೇದಗಳುಳ್ಳ ಭಿನ್ನರಾಶಿಗಳ ಸಂಕಲನ’. ಗಣಿತದ ದೃಷ್ಟಿಯಿಂದ ಸರಿಯಾಗಿಯೇ ಇದೆ. ಆದರೂ ಮಕ್ಕಳು ಹೀಗೆ ಟೈಪ್ ಮಾಡುತ್ತಾರಾ ಅನ್ನುವ ಸಂಶಯ ಬಂತು. ಮಾರನೆಯ ದಿನ ಕ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಬೋರ್ಡಿನ ಮೇಲೆ 1/2 + 1/3 ಬರೆದು, "ಇದು ಬರಲಿಲ್ಲ ಅಂತ ಇಟ್ಟುಕೊಳ್ಳಿ. ಫೋನಿನಲ್ಲಿ ಏನಂತ ಹುಡುಕ್ತೀರೋ ಅದನ್ನೇ ಬರೀರಿ. ಕಾಗುಣಿತದ ಚಿಂತೆ ಬೇಡ" ಅಂದೆ.

ಆ ಚೀಟಿಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ‘ಸಂಕಲನ’ ಅಂತ ಬರೆದವರು ತೀರಾ ಕಡಿಮೆ. ಹೆಚ್ಚಿನವರು ‘ಭಿನ್ನರಾಶಿ ಕೂಡುವುದು ಹೇಗೆ’ ಅಂತ ಬರೆದಿದ್ದರು. ಒಬ್ಬ ಹುಡುಗ ‘ಕೆಳಗಿನ ನಂಬರ್ ಬೇರೆ ಇದ್ರೆ ಕೂಡೋದು’ ಅಂತ ಬರೆದಿದ್ದ. ಕೆಲವರು ‘ಭಿನ್ನರಾಶಿ ಲೆಕ್ಕ 1/2+1/3’ ಅಂತ ಲೆಕ್ಕವನ್ನೇ ಇಳಿಸಿದ್ದರು. ಲ.ಸಾ.ಅ. ಬಗ್ಗೆ ಬರೆದವರೆಲ್ಲ ಚುಕ್ಕಿ ಬಿಟ್ಟು ‘ಲಸಾಅ’ ಅಂತಲೇ ಬರೆದಿದ್ದರು. ನನ್ನ ಪಾಠದಲ್ಲಿ ಎಲ್ಲ ಕಡೆ ಚುಕ್ಕಿ ಇತ್ತು! ಇನ್ನು ಕೆಲವರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ನೀವು ಬೇರೆ ಏನು ಬಿಟ್ಟರೂ ಈ ಚೀಟಿಯ ಕೆಲಸ ಬಿಡಬೇಡಿ. ಪಾಠ ಯಾರಿಗೆ ಬೇಕೋ ಅವರ ಬಾಯಿಂದಲೇ ಮಾತು ಸಿಗುತ್ತದೆ.

ಚೀಟಿಗಳನ್ನು ಎದುರಿಗಿಟ್ಟುಕೊಂಡು ಬರೆದದ್ದು ಇದು:

```html
<title>ಭಿನ್ನರಾಶಿ ಕೂಡುವುದು ಹೇಗೆ? ಛೇದ ಬೇರೆ ಇದ್ದಾಗ (1/2 + 1/3)</title>
<h1>ಛೇದ ಬೇರೆ ಇರುವ ಭಿನ್ನರಾಶಿಗಳನ್ನು ಕೂಡುವುದು</h1>
```

ಮುಖ್ಯವಾದ ಮಾತನ್ನು ಮುಂದಕ್ಕೆ ತಂದದ್ದಕ್ಕೆ ಕಾರಣ ಇದೆ. ಶೀರ್ಷಿಕೆ ಇಷ್ಟೇ ಉದ್ದ ಇರಬೇಕು ಅಂತ ಗೂಗಲ್ ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಆದರೆ ಪರದೆಯ ಅಗಲ ಮೀರಿದರೆ ಕೊನೆ ಕತ್ತರಿಸಿ ತೋರಿಸುತ್ತದೆ. ತಾಣದ ಹೆಸರು ಮೊದಲು, ತರಗತಿ ಆಮೇಲೆ, ವಿಷಯ ಕೊನೆಗೆ ಅಂತ ಇಟ್ಟರೆ ಕತ್ತರಿಸಿ ಹೋಗುವುದು ಮಗುವಿಗೆ ಬೇಕಾದ ಭಾಗವೇ. ತಾಣದ ಹೆಸರು ಇರಲೇಬೇಕು ಅನ್ನಿಸಿದರೆ ಕೊನೆಯಲ್ಲಿ ಚಿಕ್ಕದಾಗಿ ಇಡಿ. ಹಾಗಂತ ಚೀಟಿಯಲ್ಲಿದ್ದ ಎಲ್ಲ ಮಾತನ್ನೂ ಶೀರ್ಷಿಕೆಗೆ ತುರುಕಲೂ ಬಾರದು. ‘ಭಿನ್ನರಾಶಿ, ಭಿನ್ನರಾಶಿ ಲೆಕ್ಕ, ಭಿನ್ನರಾಶಿ ಸಂಕಲನ, ಭಿನ್ನರಾಶಿ ಕೂಡುವುದು’ ಅಂತ ಪೋಣಿಸಿದರೆ ಓದುವವರಿಗೂ ಬೇಸರ, ಹುಡುಕುವ ಯಂತ್ರವೂ ಅದನ್ನು ಒಳ್ಳೆಯ ಶೀರ್ಷಿಕೆ ಅಂತ ಎಣಿಸುವುದಿಲ್ಲ. ಉಳಿದ ಮಾತುಗಳಿಗೆ ಪಾಠದ ಒಳಗೆ ಸಹಜವಾಗಿ ಜಾಗ ಮಾಡಿಕೊಟ್ಟೆ. ಮೊದಲ ಪ್ಯಾರಾದಲ್ಲಿ ‘ಭಿನ್ನರಾಶಿಗಳ ಸಂಕಲನ’ ಬಂತು. ‘ಲ.ಸಾ.ಅ. (ಲಸಾಅ)’ ಅಂತ ಒಂದು ಕಡೆ ಎರಡೂ ರೀತಿ ಬರೆದೆ.

ಹೀಗೆ ಒಂದೊಂದೇ ಪಾಠ ಹಿಡಿದು ಕೂತೆ. ಶಾಲೆ ಮುಗಿಸಿ ಬಂದ ಮೇಲೆ ಇದೇ ಕೆಲಸ. ಖರ್ಚಂತೂ ಏನೂ ಆಗಲಿಲ್ಲ, ಆದರೆ ಸಮಯ ತುಂಬಾ ತಿನ್ನುತ್ತದೆ. ಪ್ರತಿ ಪಾಠವನ್ನೂ ಮತ್ತೆ ಓದಿ, ಇದರಲ್ಲಿ ನಿಜವಾಗಿ ಏನು ಹೇಳಿದೆ ಅಂತ ಒಂದೇ ಸಾಲಿನಲ್ಲಿ ಬರೆಯಬೇಕು. ಕೆಲವು ಪಾಠಗಳಿಗೆ ಹಾಗೆ ಒಂದು ಸಾಲು ಬರೆಯಲು ಆಗಲೇ ಇಲ್ಲ. ಯಾಕೆಂದರೆ ಒಂದೇ ಪುಟದಲ್ಲಿ ಮೂರು ವಿಷಯ ಇದ್ದವು. ಅವನ್ನು ಒಡೆದು ಬೇರೆ ಬೇರೆ ಪುಟ ಮಾಡಿದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಶೀರ್ಷಿಕೆ ಬದಲಿಸುವಾಗ ಪುಟದ ವಿಳಾಸ ಬದಲಿಸಬೇಡಿ. ಹಳೆಯ ವಿಳಾಸ ಸುಮ್ನೆ ಇರಲಿ. ಅದನ್ನು ಬದಲಿಸಿದರೆ ಮಕ್ಕಳ ಹತ್ತಿರ ಈಗಾಗಲೇ ಇರುವ ಕೊಂಡಿಗಳು ಸತ್ತುಹೋಗುತ್ತವೆ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ತಾನಾಗಿ ಹೋಗುವ ವ್ಯವಸ್ಥೆ ಮಾಡಬೇಕು.

ಇನ್ನು ನಿರೀಕ್ಷೆ ಮಾಡದ ತೊಂದರೆಗಳು. ದೊಡ್ಡದು ಹಳೆಯ ಫಾಂಟಿನದು.

ನನ್ನ ಮೊದಲಿನ ಟಿಪ್ಪಣಿಗಳನ್ನು ನುಡಿ ತಂತ್ರಾಂಶದಲ್ಲಿ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಅವನ್ನು ಹಾಗೇ ನಕಲು ಮಾಡಿ ಪುಟಕ್ಕೆ ಅಂಟಿಸಿದ್ದಾಗ ನನ್ನ ಕಂಪ್ಯೂಟರಿನಲ್ಲಿ ಅಂದವಾಗಿ ಕಾಣುತ್ತಿದ್ದವು, ಯಾಕೆಂದರೆ ಆ ಫಾಂಟ್ ನನ್ನ ಹತ್ತಿರ ಇತ್ತು. ಈಗ ಅವೇ ಸಾಲುಗಳನ್ನು ಶೀರ್ಷಿಕೆಯ ಖಾನೆಗೆ ಹಾಕಿದಾಗ ಟ್ಯಾಬಿನಲ್ಲಿ ‘ಕನ್ನಡ’ ಅನ್ನುವ ಮಾತು ಹೀಗೆ ಕಂಡಿತು:

```
PÀ£ÀßqÀ
```

ಟ್ಯಾಬಿಗೆ ನಮ್ಮ ಫಾಂಟ್ ಅನ್ವಯ ಆಗುವುದಿಲ್ಲ. ಅಲ್ಲಿ ಒಳಗಿರುವ ನಿಜವಾದ ಅಕ್ಷರ ಬಯಲಾಗುತ್ತದೆ. ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತವೆ. ನೋಡುವ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಮಗು ಯೂನಿಕೋಡಿನಲ್ಲಿ ‘ಭಿನ್ನರಾಶಿ’ ಅಂತ ಹುಡುಕಿದರೆ ಆ ಪುಟದಲ್ಲಿ ಆ ಪದವೇ ಇಲ್ಲ! ಮಕ್ಕಳ ಫೋನಿನಲ್ಲಿ ಆ ಫಾಂಟ್ ಇಲ್ಲದ ಕಾರಣ ಅವರಿಗೂ ಇದೇ ಕಲಸುಮೇಲೋಗರ ಕಾಣುತ್ತಿತ್ತು. ಯಾರೂ ಹೇಳಿರಲಿಲ್ಲ, ಪಾಪ. ತಮ್ಮ ಫೋನೇ ಸರಿಯಿಲ್ಲ ಅಂದುಕೊಂಡಿದ್ದರಂತೆ.

ಇದಕ್ಕೆ ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವ ಪರಿವರ್ತಕಗಳು ಸಿಗುತ್ತವೆ. ಆದರೆ ಪರಿವರ್ತಿಸಿದ್ದನ್ನು ಹಾಗೇ ನಂಬಬೇಡಿ. ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಕಡೆ ಕಣ್ಣಿಟ್ಟು ಓದಿ. ‘ಅಪವರ್ತ್ಯ’, ‘ವರ್ಗಮೂಲ’ದಂಥ ಪದಗಳನ್ನು ನಾನು ಒಂದೊಂದಾಗಿ ನೋಡಿದೆ. ಭಿನ್ನರಾಶಿ, ಘಾತಗಳನ್ನು ಪೂರ್ತಿ ಮತ್ತೆ ಬರೆಯಬೇಕಾಯಿತು, ಯಾಕೆಂದರೆ ಮೂಲದಲ್ಲಿದ್ದ ಗಣಿತದ ಚಿಹ್ನೆಗಳನ್ನೂ ಪರಿವರ್ತಕ ಕನ್ನಡ ಅಕ್ಷರ ಅಂದುಕೊಂಡು ಬದಲಿಸಿಬಿಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ದಣಿಸಿದ ಭಾಗ ಇದೇ. ನಿಮ್ಮ ಪುಟ ಯೂನಿಕೋಡಿನಲ್ಲಿ ಇದೆಯೋ ಇಲ್ಲವೋ ತಿಳಿಯಬೇಕಾದರೆ, ಅದರಿಂದ ಒಂದು ಪದ ನಕಲು ಮಾಡಿ ಗೂಗಲ್ಲಿನ ಹುಡುಕುವ ಖಾನೆಯಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಸರಿ.

ಎರಡನೆಯ ತೊಂದರೆ ಲಿಪಿಯದು. ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಾರಲ್ಲ, ಹಾಗಾದರೆ ಶೀರ್ಷಿಕೆಯನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹೇಗೆ ಅಂತ ಕೆಲವು ಪುಟಗಳಲ್ಲಿ ಮಾಡಿ ನೋಡಿದೆ. ಪಾಠವೆಲ್ಲ ಕನ್ನಡ ಲಿಪಿಯಲ್ಲಿದ್ದು ಶೀರ್ಷಿಕೆ ಮಾತ್ರ ಬೇರೆ ಲಿಪಿಯಲ್ಲಿದ್ದರೆ, ಪುಟಕ್ಕೆ ಹೊಂದುವ ಬೇರೆ ಹೆಸರನ್ನು ಗೂಗಲ್ ತಾನೇ ಆರಿಸಬಹುದು. ಶೀರ್ಷಿಕೆ ಪಾಠದ ಭಾಷೆ ಮತ್ತು ಲಿಪಿಗೆ ಹೊಂದಬೇಕು ಅಂತ ಅವರ ಮಾರ್ಗದರ್ಶಿಯಲ್ಲೇ ಇದೆ. ಅದಕ್ಕೇ ಎಲ್ಲವನ್ನೂ ಕನ್ನಡ ಲಿಪಿಗೆ ತಂದೆ.

ತಲೆಬರಹ ತಿದ್ದದೆ ಶೀರ್ಷಿಕೆ ಮಾತ್ರ ತಿದ್ದಿದ ಪುಟಗಳಲ್ಲೂ ತೊಂದರೆ ಬಂತು. ಕೆಲವದಕ್ಕೆ ಹುಡುಕಾಟದಲ್ಲಿ ಹಳೆಯ ‘ಪಾಠ 9 - ಭಾಗ 1’ ಬರುತ್ತಲೇ ಇತ್ತು. ಗೂಗಲ್ `<title>` ಒಂದನ್ನೇ ನೋಡುವುದಿಲ್ಲ. ಪುಟದ ದೊಡ್ಡ ತಲೆಬರಹ, ಬೇರೆ ಪುಟಗಳು ಕೊಂಡಿ ಕೊಡುವಾಗ ಬಳಸಿದ ಮಾತು, ಇವನ್ನೂ ನೋಡುತ್ತದೆ. ಹಾಗಾಗಿ `<h1>` ಕೂಡ ತಿದ್ದಿ, ಪಾಠಗಳ ಪಟ್ಟಿಯಲ್ಲಿದ್ದ ಹೆಸರನ್ನೂ ಬದಲಿಸಿ. ವಾಟ್ಸಾಪಿನಲ್ಲಿ ಕೊಂಡಿ ಹಾಕಿದಾಗ ಕಾಣುವ ಹೆಸರು ಇನ್ನೊಂದು ಕಡೆ ಇರುತ್ತದೆ, ಅದು `og:title`. ನನ್ನ ಪುಟಗಳಲ್ಲಿ ಅಲ್ಲಿಯೂ ತಾಣದ ಹೆಸರೇ ಕೂತಿತ್ತು. ಅದನ್ನೂ ತಿದ್ದಿಸಿದೆ.

ಆಮೇಲೆ ಕಾಯುವುದು. ಶೀರ್ಷಿಕೆ ಇವತ್ತು ಬದಲಿಸಿದರೆ ಇವತ್ತೇ ಹುಡುಕಾಟದಲ್ಲಿ ಬದಲಾಗುವುದಿಲ್ಲ. ಗೂಗಲ್ ಮತ್ತೆ ಆ ಪುಟಕ್ಕೆ ಬಂದು ಓದಬೇಕು. ಅದಕ್ಕೆ ಕೆಲವು ದಿನಗಳಿಂದ ಕೆಲವು ವಾರ ಹಿಡಿಯಬಹುದು. ನಾನಂತೂ ದಿನಾ ರಾತ್ರಿ ಹುಡುಕಿ ನೋಡುತ್ತಿದ್ದೆ. ಹಳೆಯ ಹೆಸರೇ ಕಂಡಾಗ ಬೇಜಾರಾಗುತ್ತಿತ್ತು. ನಿಜ ಹೇಳಬೇಕೆಂದರೆ ಈ ಹಂತದಲ್ಲಿ ಬಿಟ್ಟುಬಿಡೋಣ ಅನ್ನಿಸಿತ್ತು.

ಕಾಯುವಾಗ ಕೈಯಲ್ಲಿರಬೇಕಾದ ಸಾಧನ ಗೂಗಲ್ ಸರ್ಚ್ ಕನ್ಸೋಲ್. ಹಣ ಕೊಡಬೇಕಿಲ್ಲ. ತಾಣ ನಿಮ್ಮದೇ ಅಂತ ತೋರಿಸಬೇಕು. ಅದಕ್ಕೆ ಅವರು ಕೊಡುವ ಒಂದು ಸಾಲನ್ನು ತಾಣದ ಮುಖಪುಟದ `<head>` ಭಾಗದಲ್ಲಿ ಹಾಕಿದರೆ ಆಯಿತು, ಬೇರೆ ದಾಖಲೆ ಕೇಳುವುದಿಲ್ಲ. ಆ ಸಾಲನ್ನು ಆಮೇಲೆ ತೆಗೆಯಬೇಡಿ, ತೆಗೆದರೆ ಪ್ರವೇಶ ಹೋಗಬಹುದು. ಒಳಗೆ `URL Inspection` ಅನ್ನುವ ಕಡೆ ಪುಟದ ವಿಳಾಸ ಹಾಕಿದರೆ ಅದು ಗೂಗಲ್ಲಿನಲ್ಲಿ ಇದೆಯೋ ಇಲ್ಲವೋ ಅಂತ ಖಚಿತವಾಗಿ ಹೇಳುತ್ತದೆ. ಅಲ್ಲೇ `Request indexing` ಇದೆ. ಒಂದು ಪುಟಕ್ಕೆ ಒಂದು ಸಲ ಒತ್ತಿದರೆ ಸಾಕು, ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ.

`Performance` ಪುಟದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಎರಡು ಅಂಕಿಗಳು: ಪುಟ ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಅದನ್ನು ಒತ್ತಿದರು. ಇವೆರಡನ್ನೂ ಒಟ್ಟಿಗೆ ನೋಡಬೇಕು. ಪುಟ ಕಾಣಿಸಿಕೊಳ್ಳುತ್ತಲೇ ಇದ್ದು ಯಾರೂ ಒತ್ತದಿದ್ದರೆ ಹೆಸರು ಓದುವವರಿಗೆ ತಟ್ಟುತ್ತಿಲ್ಲ ಅಂತ ಅನುಮಾನಿಸಬಹುದು. ಆದರೆ ತೀರಾ ಕೆಳಗೆ ಕಾಣುತ್ತಿದ್ದರೂ ಯಾರೂ ಒತ್ತುವುದಿಲ್ಲ, ಹಾಗಾಗಿ ಸರಾಸರಿ ಸ್ಥಾನವನ್ನೂ ಗಮನಿಸಿ. ಪುಟ ಕಾಣಿಸಿಕೊಳ್ಳುವುದೇ ಇಲ್ಲ ಅಂದರೆ ಮೊದಲು ಅದು ಗೂಗಲ್ಲಿನಲ್ಲಿ ಸೇರಿದೆಯಾ ನೋಡಿ. ಸೇರದ ಪುಟಕ್ಕೆ ಎಂಥ ಶೀರ್ಷಿಕೆ ಕೊಟ್ಟರೂ ಹುಡುಕಾಟದಲ್ಲಿ ಬರುವುದಿಲ್ಲ. ಯಾವ ಮಾತಿನಿಂದ ಹುಡುಕಿ ಬಂದರು ಅಂತಲೂ ಅಲ್ಲಿ ಕಾಣುತ್ತದೆ. ಆದರೆ ತೀರಾ ಕಡಿಮೆ ಜನ ಬಳಸಿದ ಮಾತುಗಳನ್ನು, ಹುಡುಕಿದವರ ಗುಟ್ಟು ಕಾಯಲಿಕ್ಕೆ, ತೋರಿಸುವುದಿಲ್ಲ. ನಮ್ಮಂಥ ಚಿಕ್ಕ ತಾಣಗಳಿಗೆ ಆ ಪಟ್ಟಿ ಖಾಲಿ ಖಾಲಿ ಕಂಡರೆ ಅದೇ ಕಾರಣ ಇರಬಹುದು.

ಭಿನ್ನರಾಶಿಯ ಪುಟ ಮೊದಲು ಬದಲಾಯಿತು. ಒಂದು ರಾತ್ರಿ ಹುಡುಕಿದಾಗ ನೀಲಿ ಸಾಲಿನಲ್ಲಿ ಹೊಸ ಶೀರ್ಷಿಕೆ ಪೂರ್ತಿ ಕಂಡಿತು, ಕೊನೆಯ 1/2 + 1/3 ಸಮೇತ. ಅದಾದ ಮೇಲೆ ನಿಧಾನವಾಗಿ ಜನ ಬರತೊಡಗಿದರು. ನನ್ನ ಕ್ಲಾಸಿನ ಮಕ್ಕಳು ಇಷ್ಟೊಂದು ಇಲ್ಲ, ಅಂದರೆ ಬೇರೆ ಕಡೆಯ ಮಕ್ಕಳೂ ಓದುತ್ತಿದ್ದಾರೆ. ಖುಷಿಗೆ ಕಣ್ಣು ತುಂಬಿ ಬಂತು. ‘ಲಸಾಅ’ ಅನ್ನುವ ಮಾತು ಹುಡುಕಿದವರ ಪಟ್ಟಿಯಲ್ಲಿ ಚುಕ್ಕಿ ಇಲ್ಲದೆಯೇ ಕಾಣಿಸಿಕೊಂಡಿತು.

ಎಲ್ಲ ಪಾಠಗಳಿಗೂ ಹೀಗೆ ಆಗಲಿಲ್ಲ. ರೇಖಾಗಣಿತದ ಕೆಲವು ಪುಟಗಳಲ್ಲಿ ನಾನು ಬೋರ್ಡಿನ ಫೋಟೋ ಮಾತ್ರ ಹಾಕಿದ್ದೆ, ಕೆಳಗೆ ಬರಹ ಇರಲಿಲ್ಲ. ಅವಕ್ಕೆ ಒಳ್ಳೆಯ ಶೀರ್ಷಿಕೆ ಕೊಟ್ಟರೂ ಹೆಚ್ಚೇನೂ ಬದಲಾಗಲಿಲ್ಲ. ಶೀರ್ಷಿಕೆ ಹೇಳಿದ್ದು ಪುಟದೊಳಗೆ ಓದಲು ಸಿಗುವ ಬರಹವಾಗಿ ಇರಬೇಕು. ಈಗ ಆ ಫೋಟೋಗಳಲ್ಲಿದ್ದ ಹಂತಗಳನ್ನು ಟೈಪ್ ಮಾಡುತ್ತಿದ್ದೇನೆ. ಫೋಟೋ ಅಲ್ಲೇ ಇರುತ್ತದೆ, ಅದರ ಕೆಳಗೆ ಪ್ರತಿ ಹಂತಕ್ಕೂ ಒಂದು ಸಾಲು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಅನ್ನುವ ಪಾಠ ಮುಗಿಯಿತು, ಸಮಾಂತರ ರೇಖೆಗಳದ್ದು ಅರ್ಧ ಆಗಿದೆ. ನಾಳೆ ಅದಕ್ಕೂ ಕ್ಲಾಸಿನಲ್ಲಿ ಚೀಟಿ ಹಂಚಬೇಕು.